ನವರಾತ್ರಿಯ ಒಂಬತ್ತು ಬಣ್ಣ: ಮೂರು ದಿನ ತಡವಾಗಿ ಬರುವ ಪೋಸ್ಟ್‌ಗಳು

ಕುಂದಾಪುರ: ನವರಾತ್ರಿ ಬಂತೆಂದರೆ ಬ್ರಹ್ಮಾವರದಿಂದ ಬೈಂದೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಉಡುಪಿನ ಬೊಟಿಕ್‌ಗಳಲ್ಲಿ ಬೆಳಗಿನ ಮೊದಲ ಕೆಲಸ ಬೀಗ ತೆಗೆಯುವುದಲ್ಲ, ಮೊಬೈಲ್ ತೆಗೆಯುವುದು. ಇಂದು ಬಿಳಿ, ನಾಳೆ ಕೆಂಪು, ನಾಡಿದ್ದು ಕಡು ನೀಲಿ ಎಂದು ದಿನಕ್ಕೊಂದು ಬಣ್ಣದ ಸೀರೆ ಅಥವಾ ಕುರ್ತಿಯ ಚಿತ್ರ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಇನ್‌ಸ್ಟಾಗ್ರಾಂಗೂ ಏರುತ್ತದೆ. ಒಂಬತ್ತು ದಿನ, ಒಂಬತ್ತು ಬಣ್ಣ, ಒಂಬತ್ತು ಪೋಸ್ಟ್. ನೋಡಲು ಸರಳವಾದ ಈ ಏರ್ಪಾಟಿನೊಳಗೆ ಒಂದು ಲೆಕ್ಕದ ತಪ್ಪು ಅಡಗಿದೆ. ಆ ತಪ್ಪಿಗೆ ಸಣ್ಣ ಅಂಗಡಿಯವರು ತೆರುವ ಬೆಲೆ ದಸರಾ ಕಳೆದ ಮೇಲೆ ಕಪಾಟಿನಲ್ಲಿ ಉಳಿದ ಬೂದು ಬಣ್ಣದ ಸೀರೆಗಳ ರೂಪದಲ್ಲಿ ಕಣ್ಣಿಗೆ ಬೀಳುತ್ತದೆ.

ಮೊದಲಿಗೆ ಈ ಬಣ್ಣಗಳು ಎಲ್ಲಿಂದ ಬಂದವು ಎಂಬುದನ್ನು ನೋಡಬೇಕು. ಕುಂದಾಪುರ ಸೀಮೆಯ ನವರಾತ್ರಿಗೆ ತನ್ನದೇ ಗುರುತುಗಳಿವೆ. ಮನೆಗೆ ಹೊಸ ಕದಿರು ತರುವ ಹೊಸ್ತು, ಮಕ್ಕಳು ಮನೆಮನೆಗೆ ಹೋಗಿ ಯಕ್ಷಗಾನದ ತುಣುಕು ಹೇಳುವ ಹೂವಿನಕೋಲು, ಕೊಲ್ಲೂರಿನಲ್ಲಿ ಮಹಾನವಮಿಯ ಚಂಡಿಕಾಯಾಗ ಮತ್ತು ರಥೋತ್ಸವ, ಮರುದಿನ ವಿಜಯದಶಮಿಯ ವಿದ್ಯಾರಂಭ ಇವೆಲ್ಲ ಇಲ್ಲಿನವು. ದಿನಕ್ಕೊಂದು ಬಣ್ಣ ಉಡುವ ನಿಯಮ ಈ ಸಾಲಿಗೆ ಸೇರಿದ್ದಲ್ಲ. ದೇವೀ ಮಾಹಾತ್ಮ್ಯದ ಹದಿಮೂರು ಅಧ್ಯಾಯಗಳಲ್ಲಿ ಎಲ್ಲಿಯೂ ಭಕ್ತೆಯರು ಇಂಥ ದಿನ ಇಂಥ ಬಣ್ಣ ಉಡಬೇಕೆಂಬ ವಿಧಿಯಿಲ್ಲ. ಶೈಲಪುತ್ರಿಯಿಂದ ಸಿದ್ಧಿದಾತ್ರಿಯವರೆಗಿನ ಒಂಬತ್ತು ಹೆಸರುಗಳು ದೇವೀ ಕವಚದಲ್ಲಿ ಬರುತ್ತವೆ. ಅಲ್ಲಿಯೂ ಸೀರೆಯ ಬಣ್ಣದ ಮಾತಿಲ್ಲ.

ಇಂದು ನಾವು ಕಾಣುವ ಪಟ್ಟಿ ಜನಪ್ರಿಯವಾದದ್ದು ಮುಂಬಯಿಯಲ್ಲಿ. 2000ರ ದಶಕದ ಆರಂಭದ ವರ್ಷಗಳಲ್ಲಿ ಮರಾಠಿ ದೈನಿಕ 'ಮಹಾರಾಷ್ಟ್ರ ಟೈಮ್ಸ್', ಭಾರತ್‌ಕುಮಾರ್ ರಾವುತ್ ಸಂಪಾದಕರಾಗಿದ್ದಾಗ, ಓದುಗ ಮಹಿಳೆಯರು ಆಯಾ ದಿನದ ಬಣ್ಣ ಉಟ್ಟು ಗುಂಪು ಚಿತ್ರ ಕಳುಹಿಸಬೇಕೆಂದು ಆಹ್ವಾನಿಸಿತು. ಲೋಕಲ್ ರೈಲಿನ ಮಹಿಳಾ ಬೋಗಿಗಳಿಂದ, ಬ್ಯಾಂಕು, ಆಸ್ಪತ್ರೆ, ಕಚೇರಿಗಳಿಂದ ಚಿತ್ರಗಳು ಬಂದವು. ಪತ್ರಿಕೆಯ ಪ್ರಸಾರಕ್ಕೆ ಅನುಕೂಲವಾದ ಉಪಾಯವೊಂದು ಕೆಲವೇ ವರ್ಷಗಳಲ್ಲಿ ಆಚರಣೆಯ ರೂಪ ತಾಳಿತು. ಕುಂದಾಪುರ ಕಡೆಯ ಮನೆಗಳಿಗೂ ಮುಂಬಯಿಗೂ ಹೋಟೆಲ್ ಉದ್ಯಮದ ಕಾಲದಿಂದ ಇರುವ ನಂಟನ್ನು ಬಲ್ಲವರಿಗೆ ಆ ರೂಢಿ ಇಲ್ಲಿಗೆ ಬಂದುದರಲ್ಲಿ ಆಶ್ಚರ್ಯವೇನೂ ಕಾಣದು. ಬಳಿಕ ಕರಾವಳಿಯ ಶಾಲೆ, ಬ್ಯಾಂಕು, ಸಹಕಾರ ಸಂಘಗಳ ಸಿಬ್ಬಂದಿಯೂ ಒಂದೇ ಬಣ್ಣದಲ್ಲಿ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳತೊಡಗಿದರು. ಮೂಲ ಶಾಸ್ತ್ರದಲ್ಲಿಲ್ಲ ಎಂಬ ಕಾರಣಕ್ಕೆ ಇದನ್ನು ಹಳಿಯಬೇಕಾಗಿಲ್ಲ. ಆದರೆ ವ್ಯಾಪಾರಿಗೆ ಮೂಲ ತಿಳಿದಿರುವುದು ಒಳ್ಳೆಯದು. ಏಕೆಂದರೆ ಪಟ್ಟಿಯ ಗುಟ್ಟು ಅಲ್ಲಿಯೇ ಇದೆ.

ವಾರವೇ ಪಟ್ಟಿ

ಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ವಾಸ್ತವದಲ್ಲಿ ಬದಲಾಗುವುದು ನವರಾತ್ರಿ ಆರಂಭವಾಗುವ ವಾರ ಮಾತ್ರ. ಭಾನುವಾರ ಕಿತ್ತಳೆ, ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಕಡು ನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು, ಶನಿವಾರ ಬೂದು. ಮೊದಲ ಏಳು ದಿನ ಈ ಚಕ್ರವೇ ತಿರುಗುತ್ತದೆ. ಎಂಟನೆಯ ದಿನ ವಾರ ಮರಳಿ ಬರುವುದರಿಂದ ಅಲ್ಲಿಗೆ ಹೊಸ ಬಣ್ಣ ಬೇಕಾಗುತ್ತದೆ. ಆಗ ನವಿಲುಹಸಿರು, ಗುಲಾಬಿ, ನೇರಳೆ ಈ ಮೂರರಲ್ಲಿ ಎರಡನ್ನು ಸೇರಿಸುತ್ತಾರೆ.

ಉದಾಹರಣೆಗೆ, 2023ರಲ್ಲಿ ನವರಾತ್ರಿ ಅಕ್ಟೋಬರ್ 15ರ ಭಾನುವಾರ ಕಿತ್ತಳೆಯಿಂದ ಮೊದಲಾಯಿತು. 2024ರಲ್ಲಿ ಅಕ್ಟೋಬರ್ 3ರ ಗುರುವಾರ ಹಳದಿಯಿಂದ. 2022ರಲ್ಲಿಯೂ 2025ರಲ್ಲಿಯೂ ಆರಂಭ ಸೋಮವಾರವೇ ಆಗಿದ್ದುದರಿಂದ ಎರಡೂ ವರ್ಷ ಬಿಳಿ, ಕೆಂಪು, ಕಡು ನೀಲಿ, ಹಳದಿ, ಹಸಿರು, ಬೂದು, ಕಿತ್ತಳೆ ಎಂಬ ಅದೇ ಸಾಲು ಬಂತು. ಅಂದರೆ ಏಳು ದಿನಗಳ ಬಣ್ಣವನ್ನು ಪಂಚಾಂಗ ನೋಡಿ ಒಂದು ವರ್ಷ ಮೊದಲೇ ಬರೆದಿಡಬಹುದು. ಪತ್ರಿಕೆಯಲ್ಲಿ ಪಟ್ಟಿ ಬರಲೆಂದು ಕಾಯುವ ಅಗತ್ಯವಿಲ್ಲ. ಅನಿಶ್ಚಯವಿರುವುದು ಕೊನೆಯ ಎರಡು ದಿನಗಳಲ್ಲಿ ಮಾತ್ರ.

ಇನ್ನೊಂದು ಕುತೂಹಲದ ಸಂಗತಿಯಿದೆ. ಈ ಪಟ್ಟಿಯನ್ನು ವಾರದ ಗ್ರಹಗಳಿಗೆ ಜೋಡಿಸಿ ವಿವರಿಸುವುದುಂಟು. ಚಂದ್ರನಿಗೆ ಬಿಳಿ, ಕುಜನಿಗೆ ಕೆಂಪು, ಗುರುವಿಗೆ ಹಳದಿ ಎಂಬಲ್ಲಿಯವರೆಗೆ ಅದು ಸರಿ. ಆದರೆ ನವಗ್ರಹ ಪೂಜೆಯಲ್ಲಿ ಬುಧನಿಗೆ ಹಸಿರು, ಶುಕ್ರನಿಗೆ ಬಿಳಿ, ಶನಿಗೆ ಕಪ್ಪು ಅಥವಾ ನೀಲಿ ಬಟ್ಟೆ ಇಡುವುದು ರೂಢಿ. ಪಟ್ಟಿಯಲ್ಲಿ ಇವು ಮೂರೂ ಜಾಗ ಬದಲಿಸಿವೆ. ಶುಕ್ರನಿಗೂ ಬಿಳಿಯೇ ಇಟ್ಟಿದ್ದರೆ ವಾರದಲ್ಲಿ ಎರಡು ಬಿಳಿ ಬರುತ್ತಿತ್ತು. ಹಬ್ಬಕ್ಕೆ ಕಪ್ಪು ಉಡಲು ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ. ಹೀಗಾಗಿ ಕಪ್ಪಿನ ಬದಲು ಬೂದು ಬಂದಿರಬೇಕು ಎಂಬುದು ಈ ವರದಿಗಾರನ ಊಹೆ. ಅದೇ ಬೂದು ಇಂದು ಅಂಗಡಿಯವರ ತಲೆನೋವು.

ಇದಲ್ಲದೆ ದೇವಿಗೊಂದು ಬಣ್ಣವೆಂದು ಒಂಬತ್ತು ರೂಪಗಳಿಗೆ ಬಣ್ಣ ಕಟ್ಟಿದ ಬೇರೆ ಪಟ್ಟಿಗಳೂ ಹರಿದಾಡುತ್ತವೆ. ಅವು ವಾರವನ್ನು ಲೆಕ್ಕಿಸುವುದಿಲ್ಲ. ಒಂದು ಕಚೇರಿಯ ಗುಂಪು ವಾರದ ಪಟ್ಟಿಯನ್ನು, ಮತ್ತೊಂದು ದೇವಿಯ ಪಟ್ಟಿಯನ್ನು ಹಿಡಿದರೆ ಅಂಗಡಿಯ ಪೋಸ್ಟ್ ಅರ್ಧ ಗಿರಾಕಿಗಳಿಗೆ ತಪ್ಪಾಗಿ ಕಾಣುತ್ತದೆ. ಯಾವ ಪಟ್ಟಿಯನ್ನು ಅನುಸರಿಸುತ್ತೇವೆ ಎಂಬುದನ್ನು ಮೊದಲ ಪೋಸ್ಟ್‌ನಲ್ಲಿಯೇ ಬರೆದುಬಿಟ್ಟರೆ ಈ ಗೊಂದಲ ತಪ್ಪೀತು.

ರವಿಕೆ ಕೇಳುವ ಮೂರು ದಿನ

ಈಗ ಮುಖ್ಯ ವಿಷಯಕ್ಕೆ ಬರೋಣ. ಕುಂದಾಪುರದಲ್ಲಿ ಇಬ್ಬರು ದರ್ಜಿಗಳಿರುವ ಒಂದು ಸಾಧಾರಣ ಬೊಟಿಕನ್ನು ಊಹಿಸಿಕೊಳ್ಳಿ. ಒಬ್ಬರು ದಿನಕ್ಕೆ ಲೈನಿಂಗ್ ಇರುವ ನಾಲ್ಕು ರವಿಕೆ ಹೊಲಿಯಬಲ್ಲರು ಎಂದಿಟ್ಟುಕೊಳ್ಳೋಣ. ಒಟ್ಟು ದಿನಕ್ಕೆ ಎಂಟು. ಪ್ರತಿ ಬಣ್ಣಕ್ಕೆ ಏಳು ಗಿರಾಕಿಗಳು ಸೀರೆಯ ಜೊತೆ ರವಿಕೆಯನ್ನೂ ಹೊಲಿಸುತ್ತಾರೆ ಎಂದುಕೊಂಡರೆ ದರ್ಜಿಗಳ ಶಕ್ತಿ ಕಾಗದದ ಮೇಲೆ ಸಾಕಾಗುತ್ತದೆ.

ಆದರೆ ಸೆಪ್ಟೆಂಬರ್ 24ರ ಬುಧವಾರ ಬೆಳಿಗ್ಗೆ ಎಂಟಕ್ಕೆ ಕಡು ನೀಲಿ ಸೀರೆಯ ಚಿತ್ರ ಹಾಕಿದರೆ ಅದನ್ನು ನೋಡಿದ ಶಿಕ್ಷಕಿ ಆ ಹೊತ್ತಿಗೆ ನೀಲಿ ಉಟ್ಟು ಶಾಲೆಯ ಬಸ್ಸಿನಲ್ಲಿ ಕುಳಿತಿರುತ್ತಾರೆ. ಇಲ್ಲವೇ ಮನೆಯಲ್ಲಿದ್ದ ಹಳೆಯ ನೀಲಿಯಲ್ಲಿ ತೃಪ್ತಿಪಟ್ಟಿರುತ್ತಾರೆ. ಆ ಪೋಸ್ಟ್ ಮೆಚ್ಚುಗೆ ತರುತ್ತದೆ, ಮಾರಾಟ ತರುವುದಿಲ್ಲ. ಹಿಂದಿನ ದಿನ ಹಾಕಿದರೆ? ಆಕೆ ಕೆಲಸ ಮುಗಿಸಿ ಅಂಗಡಿಗೆ ಬರುವಾಗ ಸಂಜೆ ಆರು ಗಂಟೆ. ರಾತ್ರಿ ಬೆಳಗಾಗುವುದರೊಳಗೆ ರವಿಕೆ ಆಗದು. ಎರಡು ದಿನ ಮುಂಚೆ ಹಾಕಿದರೆ ಸಂಜೆ ಅಳತೆ, ಮರುದಿನ ಹೊಲಿಗೆ, ರಾತ್ರಿ ಕೈಗೆ ಎಂದು ಹೇಗೋ ಸಾಗಬಹುದು. ಆದರೆ ಕುಚ್ಚು ಕಟ್ಟಲು, ಫಾಲ್ಸ್ ಹಚ್ಚಲು, ತೋಳು ಬಿಗಿಯಾದರೆ ಬಿಚ್ಚಿ ಹೊಲಿಯಲು ಅಲ್ಲಿ ಒಂದು ಗಂಟೆಯೂ ಉಳಿಯುವುದಿಲ್ಲ. ಕರೆಂಟು ಹೋದರೆ ಲೆಕ್ಕವೇ ಮುಗಿಯಿತು. ಆದ್ದರಿಂದ ಪೋಸ್ಟ್‌ಗೂ ಉಡುವ ದಿನಕ್ಕೂ ನಡುವೆ ಕನಿಷ್ಠ ಮೂರು ದಿನ ಬೇಕು.

ಇಲ್ಲಿಯೇ ನಮ್ಮ ಪಂಚಾಂಗ ಅಡ್ಡ ಬರುತ್ತದೆ. ನವರಾತ್ರಿಯ ಹಿಂದಿನ ಹದಿನೈದು ದಿನ ಪಿತೃಪಕ್ಷ. 2025ರಲ್ಲಿ ಅದು ಸೆಪ್ಟೆಂಬರ್ 8ರಿಂದ 21ರ ಮಹಾಲಯ ಅಮಾವಾಸ್ಯೆಯವರೆಗೆ ಇತ್ತು. ಆ ಅವಧಿಯಲ್ಲಿ ಹೊಸ ಬಟ್ಟೆ ಕೊಳ್ಳದ ಮನೆಗಳು ಈ ಮೂರು ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಮೂರು ದಿನ ಮುಂಚಿನ ನಿಯಮದಂತೆ ಬಿಳಿಯ ಪೋಸ್ಟ್ 19ಕ್ಕೆ, ಕೆಂಪಿನದು 20ಕ್ಕೆ, ನೀಲಿಯದು 21ರ ಅಮಾವಾಸ್ಯೆಗೇ ಬರಬೇಕಾಗಿತ್ತು. ಒಂಬತ್ತರಲ್ಲಿ ಮೂರು ಬಣ್ಣಗಳು ಗಿರಾಕಿ ಅಂಗಡಿಗೆ ಕಾಲಿಡಲು ಹಿಂಜರಿಯುವ ದಿನಗಳಲ್ಲಿ ಸಿಕ್ಕಿಕೊಂಡವು. ಸೂರತ್ತಿನಿಂದಲೋ ಬೆಂಗಳೂರಿನಿಂದಲೋ ಮಾಲು ತರಿಸಿ, ಪಕ್ಷ ಕಳೆಯಲೆಂದು ಕಾದು, 22ರಂದು ಬಿಳಿ ಸೀರೆಯ ಚಿತ್ರ ಹಾಕಿದವರಿಗೆ ಮೊದಲ ಮೂರು ಬಣ್ಣಗಳ ಸೀರೆ ಕೈಯಲ್ಲೇ ಉಳಿದರೆ ಅದಕ್ಕೆ ಬೇಡಿಕೆಯಿಲ್ಲದ್ದು ಕಾರಣವಲ್ಲ. ಕಾರಣ ತಾರೀಖು.

ಇದಕ್ಕೆ ದಾರಿಯಿಲ್ಲದಿಲ್ಲ. ಚೌತಿ ಆಗಸ್ಟ್ 27ಕ್ಕೆ ಮುಗಿದಿತ್ತು. ಅಲ್ಲಿಂದ ಪಕ್ಷ ಹಿಡಿಯುವವರೆಗೆ ಹತ್ತು ಹನ್ನೊಂದು ದಿನಗಳ ಬಿಡುವಿತ್ತು. ಮೊದಲ ಮೂರು ಬಣ್ಣಗಳನ್ನು ಒಟ್ಟಿಗೇ ತೋರಿಸಿ ಅಳತೆ ಮತ್ತು ಮುಂಗಡ ಪಡೆಯಬೇಕಾದದ್ದು ಆಗ. ಪಕ್ಷದ ದಿನಗಳಲ್ಲಿ ದರ್ಜಿಗಳು ಆ ರವಿಕೆಗಳನ್ನು ನಿಧಾನವಾಗಿ ಹೊಲಿದಿಡುತ್ತಾರೆ, ಗಿರಾಕಿ 22ರ ಬೆಳಿಗ್ಗೆಯೇ ಒಯ್ಯುತ್ತಾರೆ. ನವರಾತ್ರಿ ಆರಂಭವಾದ ಮೇಲಿನ ದಿನದ ಪೋಸ್ಟ್‌ಗಳು ಮೂರು ದಿನ ಮುಂದಿನ ಬಣ್ಣವನ್ನು ಮಾರಬೇಕು. 22ಕ್ಕೆ ಗುರುವಾರದ ಹಳದಿ, 23ಕ್ಕೆ ಹಸಿರು, 24ಕ್ಕೆ ಬೂದು, 25ಕ್ಕೆ ಕಿತ್ತಳೆ ಹೀಗೆ. ಆ ದಿನದ ಬಣ್ಣವೂ ಬೇಕು ಎನ್ನುವವರು ಅದನ್ನು ಬೆಳಿಗ್ಗೆ ಹಾಕಲಿ. ಆದರೆ ಅದರಲ್ಲಿ ಸೀರೆ ತೋರಿಸಿ ಪ್ರಯೋಜನವಿಲ್ಲ. ತಕ್ಷಣ ಉಡಬಹುದಾದ ಸಿದ್ಧ ಕುರ್ತಿ, ದುಪ್ಪಟ್ಟಾ, ಹಿಗ್ಗುವ ಬಟ್ಟೆಯ ಸಿದ್ಧ ರವಿಕೆ ಇವು ಮಾತ್ರ ಆ ದಿನ ಮಾರಾಟವಾಗುವ ವಸ್ತುಗಳು.

ಚಿತ್ರದೊಳಗೇ ತಾರೀಖನ್ನೂ ವಾರವನ್ನೂ ಬರೆಯುವುದು ಇದರ ಇನ್ನೊಂದು ಅಂಗ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ತಾನಾಗಿ ಅಳಿಯುತ್ತದೆ. ಇನ್‌ಸ್ಟಾಗ್ರಾಂ ಹಾಗಲ್ಲ. ಅಲ್ಲಿ ಪೋಸ್ಟ್‌ಗಳು ಹಾಕಿದ ಕ್ರಮದಲ್ಲಿ ಎಲ್ಲರಿಗೂ ಕಾಣುವುದಿಲ್ಲ. ಸೋಮವಾರದ ಬಿಳಿಯ ಚಿತ್ರ ಒಬ್ಬರಿಗೆ ಬುಧವಾರ ಎದುರಾದರೆ, 'ಇಂದಿನ ಬಣ್ಣ ಬಿಳಿ' ಎಂಬ ಬರಹ ಅವರನ್ನು ದಾರಿ ತಪ್ಪಿಸುತ್ತದೆ. 'ಇಂದು' ಎಂಬ ಪದವನ್ನೇ ಬಳಸದಿರುವುದು ಲೇಸು.

ಫೋನಿನಲ್ಲಿ ಒಂದು, ಕೈಯಲ್ಲಿ ಇನ್ನೊಂದು

ಬಣ್ಣವೇ ಸರಕಾಗಿರುವ ವ್ಯಾಪಾರದಲ್ಲಿ ಬಣ್ಣ ತಪ್ಪಾಗಿ ಕಂಡರೆ ಉಳಿದುದೆಲ್ಲ ವ್ಯರ್ಥ. ಹೆಚ್ಚು ಮೋಸ ಮಾಡುವುವು ಎರಡು. ನೇರಳೆಯನ್ನು ಮೊಬೈಲ್ ಕ್ಯಾಮರಾ ಅನೇಕ ಸಲ ನೀಲಿಯ ಕಡೆಗೆ ಎಳೆಯುತ್ತದೆ. ನವಿಲುಹಸಿರು ಅಂಗಡಿಯ ದೀಪದಡಿಯಲ್ಲಿ ಒಮ್ಮೆ ಹಸಿರಾಗಿ, ಇನ್ನೊಮ್ಮೆ ನೀಲಿಯಾಗಿ ಕಾಣುತ್ತದೆ. ಉದ್ದಕ್ಕೊಂದು, ಅಡ್ಡಕ್ಕೊಂದು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆಯಾದರೆ ಮಡಿಕೆ ತಿರುಗಿಸಿದಂತೆಲ್ಲ ಛಾಯೆ ಬದಲಾಗುತ್ತದೆ. ಕಡು ನೀಲಿ ಎಂದು ತರಿಸಿಕೊಂಡ ಸೀರೆ ಗುಂಪು ಚಿತ್ರದಲ್ಲಿ ನೇರಳೆಯಾಗಿ ಕಂಡರೆ, ಇಪ್ಪತ್ತು ಜನರ ಸಾಲಿನಲ್ಲಿ ಒಬ್ಬರೇ ಬೇರೆಯಾಗಿ ನಿಂತಂತಾಗುತ್ತದೆ. ಆ ಗಿರಾಕಿ ಮತ್ತೆ ಬರುವುದು ಕಷ್ಟ.

ಪರಿಹಾರಕ್ಕೆ ದುಬಾರಿ ಉಪಕರಣ ಬೇಡ. ಸೆಪ್ಟೆಂಬರ್ ಕೊನೆಯಲ್ಲಿ ಕರಾವಳಿಯ ಆಕಾಶ ಬಹುತೇಕ ಮೋಡ ಕವಿದೇ ಇರುತ್ತದೆ. ಆ ಮೋಡದ ಬೆಳಕೇ ಬಟ್ಟೆಯ ಚಿತ್ರಕ್ಕೆ ಒಳ್ಳೆಯದು. ಅಂಗಡಿಯ ದೀಪಗಳನ್ನು ಆರಿಸಿ, ಬಾಗಿಲ ಬಳಿ, ಮಾಡಿನ ಕೆಳಗೆ ಸೀರೆ ಹರಡಿ, ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನೂ ಒಂದು ಬಾಳೆ ಎಲೆಯನ್ನೂ ಇಟ್ಟು ಚಿತ್ರ ತೆಗೆಯಬೇಕು. ಕಾಗದ ಹಳದಿಯಾಗಿ ಅಥವಾ ನೀಲಿಯಾಗಿ ಕಂಡರೆ ಸೀರೆಯ ಬಣ್ಣವೂ ಅಷ್ಟೇ ತಪ್ಪಿದೆ ಎಂದರ್ಥ. ಬಾಳೆ ಎಲೆಯ ಹಸಿರು ಎಲ್ಲರಿಗೂ ಗೊತ್ತಿರುವುದರಿಂದ ನವಿಲುಹಸಿರು ಅದಕ್ಕಿಂತ ಎಷ್ಟು ದೂರ ಎಂಬುದನ್ನು ನೋಡುವವರೇ ತೂಗಿಕೊಳ್ಳುತ್ತಾರೆ. ಬಿಳಿಗೆ ಮಾತ್ರ ಇನ್ನೊಂದು ತೊಡಕಿದೆ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲೆಂದು ಫೋನಿನ ಪರದೆಯನ್ನು ಹಳದಿಗೆ ತಿರುಗಿಸಿಟ್ಟವರಿಗೆ ಬಿಳಿ ಸೀರೆ ಕೆನೆಬಣ್ಣವಾಗಿಯೇ ಕಾಣುತ್ತದೆ.

ಅಂದ ಹಾಗೆ, ಬಿಳಿಯ ದಿನ ಹಿರಿಯ ಮುತ್ತೈದೆಯರು ಅಚ್ಚ ಬಿಳಿ ಉಡಲು ಒಪ್ಪದಿರುವುದು ಹೊಸತೇನಲ್ಲ. ಕೆಂಪಂಚಿನ ಕೆನೆಬಣ್ಣ ಅಥವಾ ಕೇರಳದ ಕಸವು ಸೀರೆ ಅವರಿಗೆ ಒಪ್ಪುತ್ತದೆ. ಕೊಲ್ಲೂರಿಗೆ ಬರುವ ಕೇರಳದ ಭಕ್ತರಿಂದಾಗಿ ಕಸವು ಬೈಂದೂರು ಕಡೆಯವರಿಗೆ ಪರಿಚಿತವೂ ಹೌದು. ಬಿಳಿಯ ದಿನಕ್ಕೆ ಅಚ್ಚ ಬಿಳಿಗಿಂತ ಅಂಚಿರುವುದನ್ನೇ ಹೆಚ್ಚು ತರಿಸುವುದು ಜಾಣತನ.

ಉಳಿದ ಸೀರೆಯ ಲೆಕ್ಕ

ಒಂಬತ್ತು ಬಣ್ಣಗಳನ್ನೂ ಸಮನಾಗಿ ತರಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಬಣ್ಣಕ್ಕೆ ಹನ್ನೆರಡರಂತೆ 108 ಸೀರೆ ತರಿಸಿದರೆಂದುಕೊಳ್ಳಿ. ಒಂದರ ಖರೀದಿ ಬೆಲೆ 700 ರೂಪಾಯಿ, ಮಾರುವ ಬೆಲೆ 1,100 ರೂಪಾಯಿ, ಲಾಭ 400. ಎರಡು ಸೀರೆ ಉಳಿದರೆ 1,400 ರೂಪಾಯಿ ಕಟ್ಟಿಬಿದ್ದಂತೆ. ಅದು ಮೂರೂವರೆ ಸೀರೆಯ ಲಾಭಕ್ಕೆ ಸಮ. ಬೂದು ಹನ್ನೆರಡರಲ್ಲಿ ಐದು ಉಳಿದರೆ ಮಾರಾಟವಾದ ಏಳರ ಲಾಭ 2,800, ಕಟ್ಟಿಬಿದ್ದ ಹಣ 3,500. ಆ ಬಣ್ಣದಿಂದ ಅಂಗಡಿಗೆ ಏನೂ ಬರಲಿಲ್ಲ ಎಂದಾಯಿತು.

ಉಳಿದರೂ ಮುಂದೆ ಹೋಗುವ ಬಣ್ಣಗಳು ಬೇರೆ. ಕೆಂಪು, ಹಸಿರು, ಹಳದಿ ದೀಪಾವಳಿಗೂ ಅನಂತರದ ಮದುವೆಗಳಿಗೂ ಮಾರಾಟವಾಗುತ್ತವೆ. ಬೂದನ್ನು ಮದುವೆಗೆ ಯಾರೂ ಕೇಳುವುದಿಲ್ಲ. ಹಾಗಾಗಿ ಬೂದು ಮತ್ತು ನವಿಲುಹಸಿರನ್ನು ಸೀರೆಯ ಬದಲು ಕುರ್ತಿಯ ರೂಪದಲ್ಲಿ ಕಡಿಮೆ ತರಿಸುವುದು ಒಳ್ಳೆಯದು. ಕಚೇರಿಗೆ ಉಡುವ ಕುರ್ತಿಯಲ್ಲಿ ಬೂದು ವರ್ಷವಿಡೀ ನಡೆಯುವ ಬಣ್ಣ. ಇದಕ್ಕೆ ತೆರಿಗೆಯೂ ಈಗ ಅನುಕೂಲವಾಗಿದೆ. 2025ರ ನವರಾತ್ರಿಯ ಮೊದಲ ದಿನವಾದ ಸೆಪ್ಟೆಂಬರ್ 22ರಂದೇ ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದವು. 1,000 ರೂಪಾಯಿಗಿಂತ ಹೆಚ್ಚಿನ ಸಿದ್ಧ ಉಡುಪಿಗೆ ಮೊದಲು ಶೇ 12 ಇತ್ತು. ಈಗ 2,500 ರೂಪಾಯಿವರೆಗೂ ಶೇ 5. ತೆರಿಗೆಯ ಹೊರತಾಗಿ 1,800 ರೂಪಾಯಿಯ ಕುರ್ತಿ ಮೊದಲು 2,016ಕ್ಕೆ ಬೀಳುತ್ತಿದ್ದುದು ಈಗ 1,890ಕ್ಕೆ ಸಿಗುತ್ತದೆ. 2,500 ದಾಟಿದರೆ ಮಾತ್ರ ಶೇ 18.

ತೆರಿಗೆಯ ಇನ್ನೊಂದು ಮುಖ ಪೋಸ್ಟ್‌ಗಳಿಗೇ ಸಂಬಂಧಿಸಿದ್ದು. ಚಿತ್ರ ನೋಡಿ ಮುಂಬಯಿಯಲ್ಲಿರುವ ಊರಿನವರು ಸೀರೆ ಕಳುಹಿಸಿ ಎಂದು ಕೇಳುತ್ತಾರೆ. ರಾಜ್ಯದ ಹೊರಗೆ ಸರಕು ಮಾರುವುದಾದರೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಯ ಮಿತಿಯೊಳಗಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿ ಇರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಪಾರ್ಸೆಲ್ ಕಟ್ಟುವ ಮೊದಲು ಲೆಕ್ಕಪರಿಶೋಧಕರನ್ನು ಕೇಳುವುದು ಕ್ಷೇಮ.

ಹತ್ತನೆಯ ದಿನ

2025ರಲ್ಲಿ ಎಲ್ಲರ ಲೆಕ್ಕವನ್ನೂ ತಪ್ಪಿಸಿದ ಸಂಗತಿಯೊಂದಿತ್ತು. ಆ ವರ್ಷ ತದಿಗೆ ತಿಥಿ ಸೆಪ್ಟೆಂಬರ್ 24 ಮತ್ತು 25ರ ಎರಡೂ ಸೂರ್ಯೋದಯಗಳಿಗೆ ಇದ್ದುದರಿಂದ ನವರಾತ್ರಿ ಹತ್ತು ದಿನ ನಡೆಯಿತು. ದುರ್ಗಾಷ್ಟಮಿ 30ಕ್ಕೆ, ಮಹಾನವಮಿ ಅಕ್ಟೋಬರ್ 1ಕ್ಕೆ, ವಿಜಯದಶಮಿ 2ಕ್ಕೆ. ಬಣ್ಣದ ಸಾಲಿನಲ್ಲಿ 29ಕ್ಕೆ ನವಿಲುಹಸಿರು, 30ಕ್ಕೆ ಗುಲಾಬಿ ಬಂದು ಒಂಬತ್ತು ಮುಗಿದೇ ಹೋಯಿತು. ಹತ್ತನೆಯ ದಿನಕ್ಕೆ ನೇರಳೆಯನ್ನು ಸೇರಿಸಿದ ಪಟ್ಟಿಗಳೂ ಇದ್ದವು. ಒಂಬತ್ತು ಪೋಸ್ಟ್ ಎಂದು ಎಣಿಸಿ 30ಕ್ಕೆ ನಿಲ್ಲಿಸುವ ಅಂಗಡಿಯ ಪಾಲಿಗೆ, ಕೊಲ್ಲೂರಿನಲ್ಲಿ ರಥ ಎಳೆಯುವ ಮಹಾನವಮಿಯೇ ಬಣ್ಣವಿಲ್ಲದ ದಿನವಾಗುತ್ತದೆ. ಬೈಂದೂರು ಕಡೆಯ ಅಂಗಡಿಗೆ ವರ್ಷದ ದೊಡ್ಡ ದಿನಗಳಲ್ಲಿ ಅದೊಂದು. ಪೋಸ್ಟ್‌ಗಳ ಸಂಖ್ಯೆಯನ್ನು ಒಂಬತ್ತೆಂದು ಹಿಡಿಯದೆ ಪಂಚಾಂಗದಲ್ಲಿ ಪಾಡ್ಯದಿಂದ ನವಮಿಯವರೆಗಿನ ಸೂರ್ಯೋದಯಗಳನ್ನು ಎಣಿಸಿದ್ದರೆ ಇದು ಚೌತಿಯ ಹೊತ್ತಿಗೇ ತಿಳಿಯುತ್ತಿತ್ತು.

2026ರ ಪಂಚಾಂಗದಲ್ಲಿ ಚೌತಿ ಸೆಪ್ಟೆಂಬರ್ 14ಕ್ಕೆ, ಪಿತೃಪಕ್ಷದ ಆರಂಭ 27ಕ್ಕೆ, ನವರಾತ್ರಿಯ ಪಾಡ್ಯ ಅಕ್ಟೋಬರ್ 11ರ ಭಾನುವಾರ. ವಾರದ ಚಕ್ರದಂತೆ ಮೊದಲ ಮೂರು ಬಣ್ಣಗಳು ಕಿತ್ತಳೆ, ಬಿಳಿ, ಕೆಂಪು. ಅವುಗಳಿಗೆ ಅಳತೆ ತೆಗೆದುಕೊಳ್ಳಲು ಸಿಗುವುದು ಸೆಪ್ಟೆಂಬರ್ 15ರಿಂದ 26ರವರೆಗಿನ ಹನ್ನೆರಡು ದಿನ.